ಪಾಡವಾದ ಠುಶಿಗೆ ಒಂದು ಮರಾಠಿ ಜಾಹೀರಾತು: ಆಸೆ ಹುಟ್ಟಬೇಕು, ಸುಳ್ಳು ಇರಬಾರದು

ಬೆಳಗಾವಿ, ನಿಪ್ಪಾಣಿ ಕಡೆ ಕೂತು ಜಾಹೀರಾತು ಬರೆಯುವವರಿಗೆ ಮರಾಠಿ ಕೆಲಸ ಬಂದೇ ಬರುತ್ತದೆ. ದೀಪಾವಳಿ ಹತ್ತಿರವಾದರೆ ಸಾಕು, ಯಾವುದಾದರೂ ಸರಾಫರ ಅಂಗಡಿಯಿಂದ ಫೋನು. "ಹಬ್ಬದ ಜಾಹೀರಾತು ಬೇಕು, ಸ್ವಲ್ಪ ಭಾರಿಯಾಗಿ ಇರಲಿ." ಭಾರಿ ಅಂದರೇನು ಅಂತ ಕೇಳಿದರೆ ಹೋದ ವರ್ಷದ್ದೇ ಒಂದು ತುಣುಕು ಬರುತ್ತದೆ. ಅದರಲ್ಲಿ ನಂಬರ್ ಒನ್, 100% ಶುದ್ಧ, ಪೇಶ್ವೆ ಕಾಲದ ಡಿಸೈನ್, ಕನಸು ನನಸು, ಎಲ್ಲ ಇರುತ್ತದೆ. ಅಂಗಡಿಯ ಹೆಸರು ಮುಚ್ಚಿದರೆ ಯಾರ ಜಾಹೀರಾತು ಅಂತ ಹೇಳಲು ಆಗುವುದಿಲ್ಲ.

ನಾನು ಇಟ್ಟುಕೊಂಡಿರುವ ದಾರಿ ಒಂದೇ. ಆಸೆ ಮನೆಯ ದೃಶ್ಯದಲ್ಲಿ ಇರಲಿ. ಒಡವೆಯ ಬಗ್ಗೆ ಮಾತ್ರ ಬಿಲ್ಲಿನಲ್ಲಿ ಬರೆದುಕೊಡಬಹುದಾದಷ್ಟೇ ಹೇಳಿ. ಇವೆರಡನ್ನು ಬೆರೆಸಿದಾಗಲೇ ಉತ್ಪ್ರೇಕ್ಷೆ ಹುಟ್ಟುವುದು. ಇದನ್ನು ಒಂದು ಉದಾಹರಣೆ ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ. ಕೊಲ್ಹಾಪುರದಲ್ಲಿ ಗುಜರಿ ಅನ್ನುವ ಸರಾಫರ ಪೇಟೆಯಲ್ಲಿ ಒಂದು ಮಧ್ಯಮ ಗಾತ್ರದ ಅಂಗಡಿ ಅಂದುಕೊಳ್ಳಿ. ಹಬ್ಬ ದೀಪಾವಳಿ ಪಾಡವಾ, ಅಂದರೆ ನಮ್ಮ ಬಲಿಪಾಡ್ಯಮಿ. ಒಡವೆ ಠುಶಿ, ಅಂದರೆ ಸಣ್ಣ ಬಂಗಾರದ ಮಣಿಗಳನ್ನು ಒತ್ತೊತ್ತಾಗಿ ಕಟ್ಟಿದ, ಕುತ್ತಿಗೆಗೆ ಅಂಟಿಕೊಂಡು ಕೂರುವ ಹಾರ. ಮರಾಠಿ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ.

ಹಂತ 1: ಪೆನ್ನು ಹಿಡಿಯುವ ಮೊದಲು ಕೌಂಟರ್ ಹತ್ತಿರ ಕೂರಿ

ಮಾಲೀಕರ ಹತ್ತಿರ "ನಿಮ್ಮ ವಿಶೇಷ ಏನು" ಅಂತ ಕೇಳಬೇಡಿ. "ನಂಬಿಕೆ" ಅಂತಾರೆ. ಅದರಿಂದ ಏನೂ ಬರೆಯಲಾಗುವುದಿಲ್ಲ. ಬದಲಿಗೆ ಒಂದು ಹಳೇ ಬಿಲ್ಲು ಮತ್ತು ಒಂದು ಠುಶಿ ಕೇಳಿ, ಎರಡನ್ನೂ ಮುಂದಿಟ್ಟುಕೊಂಡು ಪ್ರಶ್ನೆ ಶುರು ಮಾಡಿ.

ನಮ್ಮ ಅಂಗಡಿಯಲ್ಲಿ ಸಿಕ್ಕ ಉತ್ತರ ಹೀಗಿದೆ ಅಂದುಕೊಳ್ಳೋಣ. ಠುಶಿ 22 ಕ್ಯಾರೆಟ್. ತೂಕ 10 ಗ್ರಾಂನಿಂದ ಶುರು. ಪ್ರತಿಯೊಂದಕ್ಕೂ ಹಾಲ್‌ಮಾರ್ಕ್ ಇದೆ. ಮಜೂರಿ ಬಂಗಾರದ ಬೆಲೆಯ ಮೇಲೆ 12%. ಧನತ್ರಯೋದಶಿಯಿಂದ ಭಾವುಬೀಜದವರೆಗೆ ಮಜೂರಿಯಲ್ಲಿ 25% ಕಡಿತ. "ಕೈಯಿಂದ ಮಾಡಿದ್ದಾ?" ಅಂತ ಕೇಳಿದರೆ ಮಾಲೀಕರು "ಹೌದು" ಅಂತಾರೆ. ಒಳಗೆ ಕೂತ ಕುಶಲಕರ್ಮಿಯನ್ನು ಕೇಳಿ. ಮಣಿ ಮಷೀನಿನಲ್ಲಿ ಬರುತ್ತವೆ, ಪೋಣಿಸುವುದು ಮಾತ್ರ ಕೈಯಿಂದ. ಹಿಂದಿನ ದಾರವನ್ನು ಜಾರಿಸಿ ಬಿಗಿ ಸಡಿಲ ಮಾಡಬಹುದು. ಈ ಕೊನೆಯ ಎರಡು ಸಂಗತಿ ಮಾಲೀಕರಿಗೆ ಮಾಮೂಲು. ನಮಗೆ ಅವೇ ಬಂಡವಾಳ, ಮುಂದೆ ಗೊತ್ತಾಗುತ್ತದೆ.

ಇಲ್ಲೇ ಮೂರು ಮಾತು ಹೊಡೆದು ಹಾಕಬೇಕಾಗುತ್ತದೆ.

ಮೊದಲನೆಯದು "100% ಶುದ್ಧ ಸೋನಂ". ಸೋನಂ ಅಂದರೆ ಬಂಗಾರ. 22 ಕ್ಯಾರೆಟ್ ಅಂದರೆ ಸಾವಿರದಲ್ಲಿ 916 ಭಾಗ ಬಂಗಾರ. ಉಳಿದದ್ದು ಬೇರೆ ಲೋಹ, ಇಲ್ಲದಿದ್ದರೆ ಮಣಿ ಮೆತ್ತಗಾಗಿ ಆಕಾರ ನಿಲ್ಲುವುದಿಲ್ಲ. ಒಡವೆಯ ಮೇಲೇ 22K916 ಅಂತ ಕೊರೆದಿರುವಾಗ ಪೋಸ್ಟರಿನಲ್ಲಿ 100% ಅಂತ ಹಾಕಿದರೆ, ನಿಮ್ಮ ಜಾಹೀರಾತನ್ನು ನಿಮ್ಮ ಒಡವೆಯೇ ಸುಳ್ಳು ಮಾಡುತ್ತದೆ.

ಎರಡನೆಯದು "ಆಮಚ್ಯಾ ಪ್ರತ್ಯೇಕ್ ದಾಗಿನ್ಯಾವರ್ ಎಚ್‌ಯುಐಡಿ", ನಮ್ಮ ಪ್ರತಿ ಒಡವೆಯ ಮೇಲೂ ಎಚ್‌ಯುಐಡಿ ಇದೆ ಅನ್ನುವ ಸಾಲು. ಎಚ್‌ಯುಐಡಿ ಅಂದರೆ ಒಂದೊಂದು ಒಡವೆಗೂ ಬೇರೆಬೇರೆಯಾಗಿ ಸಿಗುವ, ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನದ ಗುರುತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಇದಿಲ್ಲದೆ ಮಾರುವಂತಿಲ್ಲ. ಹಾಗಾದರೆ ಸಾಲು ಸರಿ ಅಲ್ವಾ? ಇಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಕುಂದನ್, ಪೋಲ್ಕಿ, ಜಡಾವು ಕೆಲಸಕ್ಕೂ ವಿನಾಯಿತಿ ಇದೆ. ಅದೇ ಅಂಗಡಿಯ ಸಣ್ಣ ನಥ್, ಅಂದರೆ ಮುತ್ತಿನ ಮೂಗುತಿ, 2 ಗ್ರಾಂ ಒಳಗೇ ಇರಬಹುದು. ಆದ್ದರಿಂದ "ಪ್ರತಿ ಒಡವೆ" ಬೇಡ. "ಪ್ರತ್ಯೇಕ್ ಠುಶೀವರ್" ಅಂದರೆ ಸಾಕು. ಹೇಳಿಕೆ ಕಿರಿದಾಯಿತು, ಗಟ್ಟಿಯೂ ಆಯಿತು. ಗಿರಾಕಿ ಅಲ್ಲೇ ನಿಂತು BIS Care ಆ್ಯಪ್‌ನಲ್ಲಿ ಆ ಆರು ಅಕ್ಷರ ಒತ್ತಿ ನೋಡಿದರೂ ಭಯವಿಲ್ಲ.

ಮೂರನೆಯದು "ಪೇಶವೇಕಾಲೀನ್ ಡಿಝಾಇನ್". ಇದು ಚರಿತ್ರೆಯ ಹೇಳಿಕೆ. ಆ ಕಾಲದ ಮೂಲ ನಮೂನೆ ತೋರಿಸಲು ಆಗದಿದ್ದರೆ ಬಿಡಿ. ಮರಾಠಿಯಲ್ಲಿ ಒಡವೆಯ ಆಕಾರಕ್ಕೆ "ಘಾಟ್" ಅನ್ನುವ ಚಂದದ ಮಾತಿದೆ. "ಜುನಾ ಘಾಟ್" ಅಂದರೆ ಹಳೇ ಮಾದರಿಯ ಆಕಾರ. ಹೆಂಗಸರು ಆಡುವ ಮಾತೂ ಅದೇ, ಸುಳ್ಳೂ ಅಲ್ಲ.

ತೂಕದ ಬಗ್ಗೆ ಒಂದು ಎಚ್ಚರಿಕೆ. ಬೋರಮಾಳದಂಥ ಕೆಲವು ಒಡವೆಗಳಲ್ಲಿ ಮಣಿಯ ಒಳಗೆ ಅರಗು ತುಂಬುವ ಪದ್ಧತಿ ಇದೆ. ಆಗ "ಇಷ್ಟು ಗ್ರಾಂ" ಅಂತ ಬರೆದದ್ದು ಅರಗು ಸೇರಿಸಿಯೋ, ಬರೀ ಬಂಗಾರವೋ ಕೇಳಿ ತಿಳಿದುಕೊಳ್ಳಿ. ಜಾಹೀರಾತಿನಲ್ಲಿ ಹಾಕಬೇಕಾದದ್ದು ಬಂಗಾರದ ನಿವ್ವಳ ತೂಕ. ಠುಶಿಗೂ ಒಮ್ಮೆ ಕೇಳಿಬಿಡಿ.

ಹಂತ 2: ಹಬ್ಬದಲ್ಲಿ ಒಂದು ಗಳಿಗೆ ಆರಿಸಿ

"ದೀಪಾವಳಿ" ಅಂತ ಬರೆದರೆ ಏನೂ ಕಾಣುವುದಿಲ್ಲ. ಅದರೊಳಗೆ ಒಂದು ಗಳಿಗೆ ಬೇಕು, ಅದೂ ಮರಾಠಿ ಮನೆಯಲ್ಲಿ ನಿಜವಾಗಿ ನಡೆಯುವ ಗಳಿಗೆ.

ಮಹಾರಾಷ್ಟ್ರದಲ್ಲಿ ಬಂಗಾರ ಕೊಳ್ಳಲು "ಸಾಡೇತೀನ್ ಮುಹೂರ್ತ" ಅನ್ನುವ ಲೆಕ್ಕ ಇದೆ. ಗುಡಿಪಾಡವಾ, ಅಕ್ಷಯ ತೃತೀಯಾ, ದಸರಾ ಮೂರು ಪೂರ್ತಿ. ದೀಪಾವಳಿ ಪಾಡವಾ ಅರ್ಧ. ಪಂಚಾಂಗ ನೋಡುವ ಅಗತ್ಯವೇ ಇಲ್ಲದ ದಿನಗಳಿವು. ಹಾಗಂತ ಜಾಹೀರಾತು ಬರೀ ಮುಹೂರ್ತವನ್ನೇ ಹಿಡಿದರೆ ಕೆಡುತ್ತದೆ. "ಮುಹೂರ್ತದಲ್ಲಿ ಕೊಂಡರೆ ಸಂಪತ್ತು ದುಪ್ಪಟ್ಟು" ಅನ್ನುವ ಕಡೆಗೆ ಪೆನ್ನು ತಾನಾಗಿಯೇ ಜಾರುತ್ತದೆ. ಅದು ನಾಳೆಯ ಭರವಸೆ. ಯಾವ ಬಿಲ್ಲಿನಲ್ಲೂ ಬರೆದುಕೊಡಲಾಗದ್ದು. ಬಂಗಾರದ ಬೆಲೆ ಏರುತ್ತದೆ ಅನ್ನುವ ಸೂಚನೆಗೂ ಇದೇ ಮಾತು.

ದಸರಾ ಜಾಹೀರಾತು ಇನ್ನೊಂದು ಥರ ಸವೆದಿದೆ. ಆ ದಿನ ಆಪಟಾ ಎಲೆಯನ್ನು "ಸೋನಂ" ಅಂತ ಹಂಚುತ್ತಾರೆ. "ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ", ಬಂಗಾರ ತಗೊಳ್ಳಿ, ಬಂಗಾರದ ಹಾಗೆ ಇರಿ, ಅಂತ ಹೇಳುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅನ್ನುವುದು ಇದರದೇ ಜೋಡಿ. ಎಷ್ಟು ಚಂದದ ಮಾತು! ಆದರೆ ಪ್ರತಿ ಅಂಗಡಿಯೂ ಇದನ್ನೇ ಹಾಕುವುದರಿಂದ ಓದುಗನ ಕಣ್ಣು ನಿಲ್ಲುವುದಿಲ್ಲ.

ಪಾಡವಾದ ದಿನ ಬೇರೆಯೇ ಒಂದು ಕೆಲಸ ನಡೆಯುತ್ತದೆ. ಹೆಂಡತಿ ಗಂಡನಿಗೆ ಆರತಿ ಎತ್ತುತ್ತಾಳೆ, ಅದು "ಔಕ್ಷಣ". ಗಂಡ ಆ ತಟ್ಟೆಗೆ ಉಡುಗೊರೆ ಹಾಕುತ್ತಾನೆ, ಅದು "ಓವಾಳಣೀ". ತಟ್ಟೆಗೆ "ತಬಕ್" ಅಂತಾರೆ. ತಬಕಿನಲ್ಲಿ ಏನೇನು ಇರುತ್ತದೆ? ನಿರಾಂಜನ, ಅರಿಶಿನ ಕುಂಕುಮ, ಅಕ್ಷತೆ, ಒಂದು ಅಡಿಕೆ, ಒಂದು ಬಂಗಾರದ ಉಂಗುರ. ಅಡಿಕೆ ಮತ್ತು ಉಂಗುರವನ್ನು ಕೈಯಲ್ಲಿ ಹಿಡಿದು ಮೊದಲು ನಿವಾಳಿಸುತ್ತಾರೆ, ಆಮೇಲೆ ದೀಪ.

ಅಂದರೆ ಬಂಗಾರ ಆ ತಟ್ಟೆಯಲ್ಲಿ ಮೊದಲಿನಿಂದಲೂ ಇದೆ. ಅದು ಅವಳಿಗೆ ಬಂದದ್ದಲ್ಲ, ಅಷ್ಟೇ. ನನಗೆ ಜಾಹೀರಾತು ಸಿಕ್ಕಿದ್ದು ಇಲ್ಲಿ.

ಹಂತ 3: ತಲೆಸಾಲು

ಮೊದಲ ಪ್ರಯತ್ನ ಯಾವಾಗಲೂ ಕೆಟ್ಟದಾಗಿರುತ್ತದೆ, ಇರಲಿ ಬಿಡಿ. "ಯಾ ಪಾಡವ್ಯಾಲಾ ತಿಚಂ ಸ್ವಪ್ನ ಸೋನ್ಯಾತ್ ಸಾಕಾರ್ ಕರಾ." ಅವಳ ಕನಸನ್ನು ಬಂಗಾರದಲ್ಲಿ ನನಸು ಮಾಡಿ ಅಂತ. ತಪ್ಪಿಲ್ಲ, ಸುಳ್ಳೂ ಇಲ್ಲ. ಆದರೆ ಟಿವಿಗೂ ಫ್ಲಾಟಿಗೂ ಇದೇ ಸಾಲು ಆಗುತ್ತದೆ.

ಎರಡನೆಯದು: "ಯಂದಾ ತಬಕಾತ್ ಕಾಯ್ ಘಾಲಣಾರ್?" ಈ ಸಲ ತಟ್ಟೆಗೆ ಏನು ಹಾಕ್ತೀರಿ? ಇದು ಚುರುಕಾಗಿದೆ. ಮನೆ ಕಾಣುತ್ತದೆ. ಆದರೆ ಸ್ವಲ್ಪ ಚುಚ್ಚುತ್ತದೆ. ಕೊಡಲಾಗದ ಗಂಡನನ್ನು ನಾಚಿಸಿ ಮಾರುವುದು ನನಗೆ ಒಗ್ಗುವುದಿಲ್ಲ. ಹಬ್ಬದ ದಿನ ಓದುಗನಿಗೂ ಒಗ್ಗುವುದಿಲ್ಲ.

ಮೂರನೆಯದು ನಿಂತಿತು:

"ಓವಾಳಾಯಲಾ ತಬಕಾತ್ ಸೋನಂ ಅಸತಂಚ್. ಯಾ ಪಾಡವ್ಯಾಲಾ ಓವಾಳಣೀತಹೀ ಅಸೂ ದ್ಯಾ."

ಆರತಿ ಎತ್ತಲು ತಟ್ಟೆಯಲ್ಲಿ ಬಂಗಾರ ಇದ್ದೇ ಇರುತ್ತದೆ. ಈ ಪಾಡವಾಕ್ಕೆ ಓವಾಳಣಿಯಲ್ಲೂ ಇರಲಿ. ಇದರಲ್ಲಿ ಒಡವೆಯ ಬಗ್ಗೆ ಒಂದೂ ಹೊಗಳಿಕೆ ಇಲ್ಲ. ಹೊಗಳಿಕೆ ಇಲ್ಲದ ಮೇಲೆ ಉತ್ಪ್ರೇಕ್ಷೆ ಎಲ್ಲಿಂದ ಬರಬೇಕು? ಆದರೂ ಆಸೆ ಇದೆ. ಅವಳು ತಟ್ಟೆ ಹಿಡಿದು ನಿಂತದ್ದು ಕಾಣುತ್ತದೆ.

ನಿಮ್ಮ ತಲೆಸಾಲು ಸರಿ ಇದೆಯಾ ಅಂತ ನೋಡಲು ಅಂಗಡಿಯ ಹೆಸರಿನ ಬದಲು ಒಂದು ಮೊಬೈಲ್ ಅಂಗಡಿಯ ಹೆಸರು ಹಾಕಿ ಓದಿ. ಹೊಂದಿಕೊಂಡರೆ ಸಾಲು ಸತ್ತಿದೆ ಅಂತ ಅರ್ಥ.

ಹಂತ 4: ಒಡವೆಯ ಮಾತು

ಈಗ ಒಡವೆಗೆ ಬರೋಣ. ಇಲ್ಲಿ ಗುಣವಾಚಕ ಬೇಡ, ಕಣ್ಣಿಗೆ ಕಾಣುವುದು ಬೇಕು. ಮಾಲೀಕರು "ಹಾತಾನಂ ಘಡವಲೇಲೀ ಠುಶೀ", ಕೈಯಿಂದ ಮಾಡಿದ ಠುಶಿ, ಅಂತ ಬರೆಯಿರಿ ಅಂತಾರೆ. ಮಣಿ ಮಷೀನಿನದ್ದು ಅಂತ ನಮಗೆ ಗೊತ್ತು. ಹಾಗಾಗಿ ನಿಜವಾದ ಕೈಕೆಲಸವನ್ನೇ ಹೇಳೋಣ: "ಏಕೇಕ್ ಮಣೀ ಹಾತಾನಂ ಓವಲೇಲಾ." ಒಂದೊಂದು ಮಣಿಯನ್ನೂ ಕೈಯಿಂದ ಪೋಣಿಸಿದ್ದು. ಸುಳ್ಳು ಸಾಲಿಗಿಂತ ಇದೇ ಚಂದ. "ಘಡವಲೇಲೀ" ಅಂದಾಗ ಏನೂ ಕಾಣುವುದಿಲ್ಲ, "ಏಕೇಕ್ ಮಣೀ" ಅಂದಾಗ ಬೆರಳು ಕಾಣುತ್ತವೆ. ಜೊತೆಗೆ "ಓವಲೇಲಾ" ಮತ್ತು "ಓವಾಳಣೀ" ಕಿವಿಗೆ ಹತ್ತಿರ ಹತ್ತಿರ ಬೀಳುತ್ತವೆ. ಇದು ಹುಡುಕಿ ತಂದದ್ದಲ್ಲ, ಪುಕ್ಕಟೆ ಸಿಕ್ಕಿದ್ದು.

ಎರಡನೇ ಬಂಡವಾಳ ಹಿಂದಿನ ದಾರ. ಗಂಡಸರು ಹೆಂಡತಿಗೆ ಹೇಳದೆ ಒಡವೆ ಕೊಳ್ಳಲು ಹಿಂಜರಿಯುವುದು ಯಾಕೆ? ಬಳೆಯ ಅಳತೆ ಗೊತ್ತಿಲ್ಲ, ಉಂಗುರದ ಅಳತೆ ಗೊತ್ತಿಲ್ಲ. ಠುಶಿಗೆ ಆ ತೊಂದರೆಯೇ ಇಲ್ಲ. "ಮಾಪ್ ಠಾಊಕ್ ನಸಲಂ ತರೀ ಚಾಲೇಲ್, ಮಾಗಚೀ ದೋರೀ ಹವೀ ತಶೀ ಸರಕತೇ." ಅಳತೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಹಿಂದಿನ ದಾರ ಬೇಕಾದಂತೆ ಜಾರುತ್ತದೆ. "ಅವಳನ್ನು ಅಚ್ಚರಿಗೊಳಿಸಿ" ಅಂತ ಹತ್ತು ಸಲ ಬರೆಯುವುದಕ್ಕಿಂತ ಈ ಒಂದು ಸಾಲು ಜಾಸ್ತಿ ಕೆಲಸ ಮಾಡುತ್ತದೆ.

ಹಂತ 5: ಆಫರ್

ಜಗಳ ಹುಟ್ಟುವುದು ಇಲ್ಲೇ. ಹಲವು ವರ್ಷ ಹಿಂದೆ ನಾನೇ ಒಂದು ಅಂಗಡಿಗೆ "25% ಸೂಟ್", ಅಂದರೆ 25% ಕಡಿತ, ಅಂತ ಅಂಗೈಯಗಲ ಬರೆದು, "ಘಡಣಾವಳೀವರ್", ಅಂದರೆ ಮಜೂರಿಯ ಮೇಲೆ, ಅನ್ನುವ ಪದವನ್ನು ಅದರ ಕೆಳಗೆ ಇರುವೆ ಸಾಲಿನ ಹಾಗೆ ಇಟ್ಟಿದ್ದೆ. ಒಬ್ಬರು ಅಜ್ಜ ಪೇಪರ್ ತುಣುಕು ಹಿಡಿದು ಬಂದರು. ಒಟ್ಟು ಬಿಲ್ಲಿನಲ್ಲಿ ಕಾಲು ಭಾಗ ಕಡಿಮೆ ಮಾಡಿ ಅಂದರು. ಕೌಂಟರಿನ ಹುಡುಗ ಬೆರಳಿಟ್ಟು ಸಣ್ಣ ಅಕ್ಷರ ತೋರಿಸಿದ. ಅಜ್ಜ ಕನ್ನಡಕ ಮೇಲೇರಿಸಿ ಓದಿ, ಏನೂ ಹೇಳದೆ ಎದ್ದು ಹೋದರು. ತಪ್ಪು ನನ್ನದು.

ಲೆಕ್ಕ ಮಾಡಿ ನೋಡಿ. ಸುಲಭವಾಗಲಿ ಅಂತ ಗ್ರಾಂಗೆ 10,000 ರೂಪಾಯಿ ಇಟ್ಟುಕೊಳ್ಳೋಣ. 12 ಗ್ರಾಂ ಠುಶಿಯ ಬಂಗಾರ 1,20,000. ಮಜೂರಿ 12% ಅಂದರೆ 14,400. ಅದರ 25% ಅಂದರೆ 3,600 ಕಡಿತ. ಒಟ್ಟು 1,34,400ರಲ್ಲಿ ಇದು ಮೂರು ಶೇಕಡಾಕ್ಕೂ ಕಡಿಮೆ. ಪೋಸ್ಟರ್ ನೋಡಿದವನ ತಲೆಯಲ್ಲಿ ಕೂತದ್ದು ಇಪ್ಪತ್ತೈದು. ಈ ಎರಡು ಅಂಕಿಗಳ ನಡುವಿನ ದೂರವೇ ಉತ್ಪ್ರೇಕ್ಷೆ.

ಪರಿಹಾರ ಸರಳ. "ಘಡಣಾವಳೀವರ್ 25% ಸೂಟ್" ಅನ್ನುವ ಮೂರೂ ಪದ ಒಂದೇ ಗಾತ್ರದಲ್ಲಿ, ಒಂದೇ ಸಾಲಿನಲ್ಲಿ. ಧೈರ್ಯವಿದ್ದರೆ ರೂಪಾಯಿಯಲ್ಲೇ ಒಂದು ಉದಾಹರಣೆ ಕೊಡಿ. 3,600 ರೂಪಾಯಿ ಸಣ್ಣ ಮೊತ್ತವೇನಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ.

ಕಾನೂನಿನ ಮಾತು ಚುಟುಕಾಗಿ. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ತಂದಿದೆ. ಅದರ ಪ್ರಕಾರ, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ಮರಾಠಿ ಜಾಹೀರಾತಿನ ಬುಡದಲ್ಲಿ ಇಂಗ್ಲಿಷ್ ಷರತ್ತು ಅಂಟಿಸುವ ಚಾಳಿ ಬಿಡಬೇಕು. ದೊಡ್ಡ ಅಕ್ಷರದಲ್ಲಿ ಹೇಳಿದ್ದನ್ನು ಷರತ್ತು ತಿರುಗಿಸಿ ಹಾಕುವಂತೆಯೂ ಇರಬಾರದು. ಮೊದಲ ತಪ್ಪಿಗೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ. ಮಾಲೀಕರು ಒಪ್ಪದಿದ್ದರೆ ಈ ಅಂಕಿ ಹೇಳಿ, ಒಪ್ಪುತ್ತಾರೆ.

ಹಂತ 6: ಮರಾಠಿ ಕಿವಿ

ನಾವು ಕನ್ನಡಿಗರು ಎಡವುವುದು ಹೆಚ್ಚಾಗಿ ಇಲ್ಲಿ. ಒಡವೆಗೆ ಮರಾಠಿಯಲ್ಲಿ "ದಾಗಿನಾ". ನಮ್ಮ ಕಡೆಯ ದಾಗಿನ ಅದೇ, ಅಲ್ಲಿ ಕಷ್ಟವಿಲ್ಲ. ಕಷ್ಟ ಕ್ರಿಯಾಪದದಲ್ಲಿ. ಒಡವೆ ಮಾಡುವುದಕ್ಕೆ "ಘಡವಣೇ" ಅನ್ನಬೇಕು. ಹಿಂದಿಯ ಗುಂಗಿನಲ್ಲಿ "ಬನವಣೇ" ಅಂತ ಬರೆದರೆ, ಆ ಪದಕ್ಕೆ ಮರಾಠಿಯಲ್ಲಿ ಟೋಪಿ ಹಾಕುವುದು ಅನ್ನುವ ಅರ್ಥವೂ ಇದೆ. ಸರಾಫರ ಅಂಗಡಿಯ ಬೋರ್ಡಿನಲ್ಲಿ ಆ ಪದ ಕಂಡರೆ ಜನ ನಗಬಹುದು. ಮನೆಮಾತಿನಲ್ಲಂತೂ ಇನ್ನೂ ಸರಳ: "ಬಾಯಕೋಲಾ ಠುಶೀ ಕೇಲೀ". ಹೆಂಡತಿಗೆ ಠುಶಿ ಮಾಡಿಸಿದೆ ಅಂತ.

"ಲೂಟ್" ಪದವೂ ಹೀಗೇ. ದಸರಾದಲ್ಲಿ "ಸೋನಂ ಲುಟಣೇ" ಅನ್ನುವುದು ಹಳೇ ಪದ್ಧತಿಯ ಮಾತು, ಅಲ್ಲಿ ಚಂದ. ಪಾಡವಾಕ್ಕೆ "ಲೂಟ್ ಆಫರ್" ಅಂದರೆ ಸೇಲ್ ಅಂಗಡಿಯ ವಾಸನೆ ಬರುತ್ತದೆ.

ಬರಹದ ರೂಪ "ಸೋನೇ", ಮಾತಿನ ರೂಪ "ಸೋನಂ". ಮನೆಯ ದೃಶ್ಯ ಕಟ್ಟುವಾಗ ಮಾತಿನ ರೂಪವೇ ಬೇಕು. ಆದರೆ ಒಂದೇ ಜಾಹೀರಾತಿನಲ್ಲಿ ಎರಡನ್ನೂ ಬೆರೆಸಬೇಡಿ. ರೇಡಿಯೋಗೆ ಕನ್ನಡದವರೇ ಓದುವುದಾದರೆ ಹೇಳಿಬಿಡಿ, ಕೊನೆಯ ಸೊನ್ನೆಯನ್ನು "ಮ್" ಅಂತ ಓದುವುದಲ್ಲ, "ನ" ಅನ್ನು ಸ್ವಲ್ಪ ಎಳೆದರೆ ಸಾಕು. "ಸೋನಮ್" ಅಂದರೆ ಅದು ಹುಡುಗಿಯ ಹೆಸರಾಗುತ್ತದೆ.

ಇನ್ನೊಂದು, "ನಾವು". ಕನ್ನಡದಲ್ಲಿ ಒಂದೇ. ಮರಾಠಿಯಲ್ಲಿ ಕೇಳುವವರನ್ನು ಬಿಟ್ಟು ಹೇಳುವಾಗ "ಆಮ್ಹೀ", ಸೇರಿಸಿ ಹೇಳುವಾಗ "ಆಪಣ್". ಅಂಗಡಿಯ ಮಾತಾದರೆ ಆಮ್ಹೀ, ಹಬ್ಬದ ಮಾತಾದರೆ ಆಪಣ್. ತಪ್ಪಿದರೆ ಗಿರಾಕಿಯನ್ನು ಹಬ್ಬದಿಂದ ಹೊರಗೆ ಹಾಕಿದಂತಾಗುತ್ತದೆ.

ಹಂತ 7: ಜೋಡಿಸಿ, ಜೋರಾಗಿ ಓದಿ

ಪೂರ್ತಿ ಜಾಹೀರಾತು ಇಷ್ಟೇ:

ಓವಾಳಾಯಲಾ ತಬಕಾತ್ ಸೋನಂ ಅಸತಂಚ್.
ಯಾ ಪಾಡವ್ಯಾಲಾ ಓವಾಳಣೀತಹೀ ಅಸೂ ದ್ಯಾ.

ಜುನ್ಯಾ ಘಾಟಾಚೀ, ಗಳ್ಯಾಲಗತ್ ಬಸಣಾರೀ ಠುಶೀ. ಏಕೇಕ್ ಮಣೀ ಹಾತಾನಂ ಓವಲೇಲಾ.
ಮಾಪ್ ಠಾಊಕ್ ನಸಲಂ ತರೀ ಚಾಲೇಲ್, ಮಾಗಚೀ ದೋರೀ ಹವೀ ತಶೀ ಸರಕತೇ.

22 ಕ್ಯಾರೆಟ್, 10 ಗ್ರ್ಯಾಮ್‌ಪಾಸೂನ್. ಪ್ರತ್ಯೇಕ್ ಠುಶೀವರ್ ಹಾಲ್‌ಮಾರ್ಕ್ ಆಣಿ ಎಚ್‌ಯುಐಡಿ.
ಧನತ್ರಯೋದಶೀ ತೇ ಭಾಊಬೀಜ್, ಘಡಣಾವಳೀವರ್ 25% ಸೂಟ್. ಸೋನ್ಯಾಚಾ ಭಾವ್ ತ್ಯಾ ದಿವಸಾಚಾ, ಜಿಎಸ್‌ಟಿ ವೇಗಳಾ.

"ಗಳ್ಯಾಲಗತ್ ಬಸಣಾರೀ" ಅಂದರೆ ಕುತ್ತಿಗೆಗೆ ಅಂಟಿಕೊಂಡು ಕೂರುವ, "10 ಗ್ರ್ಯಾಮ್‌ಪಾಸೂನ್" ಅಂದರೆ 10 ಗ್ರಾಂನಿಂದ. ಕೊನೆಯ ವಾಕ್ಯ "ಬಂಗಾರದ ದರ ಆ ದಿನದ್ದು, ಜಿಎಸ್‌ಟಿ ಬೇರೆ" ಅಂತ. ಷರತ್ತು ಇಲ್ಲಿ ನಕ್ಷತ್ರ ಗುರುತಿನ ಹಿಂದೆ ಅಡಗಿಲ್ಲ, ಮಾತಿನ ಭಾಗವೇ ಆಗಿದೆ.

ಈಗ ಇದನ್ನು ಇಬ್ಬರಿಗೆ ಕೊಡಿ. ಒಬ್ಬರು ಮನೆಯಲ್ಲಿ ಮರಾಠಿಯನ್ನೇ ಆಡುವ ಹಿರಿಯ ಹೆಂಗಸು. ಅವರು ಜೋರಾಗಿ ಓದಲಿ. ನಾಲಿಗೆ ತಡವರಿಸಿದ ಜಾಗ ಗುರುತು ಮಾಡಿಕೊಂಡು ತಿದ್ದಿ. ಇನ್ನೊಬ್ಬರು ಕೌಂಟರಿನ ಹುಡುಗ. "ಇದನ್ನು ಹಿಡಿದು ಬಂದ ಗಿರಾಕಿ ಏನು ಜಗಳ ತೆಗೆಯಬಹುದು?" ಅಂತ ಅವನನ್ನು ಕೇಳಿ. ವಕೀಲರಿಗಿಂತ ಚೆನ್ನಾಗಿ ಹೇಳುತ್ತಾನೆ.

ಪಾಡವಾದ ಮರುದಿನ ಭಾವುಬೀಜ. ತಂಗಿ ಅಣ್ಣನಿಗೆ ಆರತಿ ಎತ್ತುತ್ತಾಳೆ, ಅವನೂ ಓವಾಳಣಿ ಹಾಕುತ್ತಾನೆ. ವಾಟ್ಸಾಪ್‌ನಲ್ಲಿ "ಯಾ ಪಾಡವ್ಯಾಲಾ" ತೆಗೆದು "ಯಾ ಭಾಊಬೀಜೇಲಾ" ಅಂತ ಹಾಕಿದರೆ ಅದೇ ಜಾಹೀರಾತು ಇನ್ನೊಂದು ದಿನ ಓಡುತ್ತದೆ. ಆದರೆ ಕಳಿಸುವ ಮೊದಲು ಅಂಗಡಿಗೆ ಫೋನು ಮಾಡಿ. ಧನತ್ರಯೋದಶಿಯ ರಾತ್ರಿಯೇ 10 ಗ್ರಾಂನ ಠುಶಿಗಳೆಲ್ಲ ಮಾರಾಟವಾಗಿ, ಉಳಿದದ್ದು 14 ಗ್ರಾಂನಿಂದ ಮೇಲೆ ಇರಬಹುದು. ಹಾಗಿದ್ದರೆ ನಿನ್ನೆವರೆಗೆ ನಿಜವಾಗಿದ್ದ "10 ಗ್ರ್ಯಾಮ್‌ಪಾಸೂನ್" ಇವತ್ತು ಸುಳ್ಳು. ಅಂಕಿ ಬದಲಿಸಿ, ಆಮೇಲೆ ಕಳಿಸಿ.